ಪಾಸ್‌ವರ್ಡ್ ಬದಲಾಯಿತು, ನಿಯಮ ಉಳಿಯಿತು

2025ರ ನವೆಂಬರಿನಲ್ಲಿ ಬೆಂಗಳೂರಿನ ಸೈಬರ್ ಪೊಲೀಸರ ಬಳಿ ಒಂದು ದೂರು ಬಂತು. ನಗರದ ಗ್ರೂಪ್ ಫಾರ್ಮಾಸ್ಯುಟಿಕಲ್ಸ್ ಕಂಪನಿಗೆ ಹೈದರಾಬಾದಿನ ಡಾ. ರೆಡ್ಡೀಸ್ ಲ್ಯಾಬೊರೇಟರೀಸ್‌ನಿಂದ ಸುಮಾರು 2.16 ಕೋಟಿ ರೂಪಾಯಿ ಬರಬೇಕಿತ್ತು. ಎರಡು ಕಂಪನಿಗಳ ಮೇಲ್ ವ್ಯವಹಾರದ ನಡುವೆ ಮೂರನೆಯವರು ನುಸುಳಿದರು. ಅಸಲಿ ವಿಳಾಸಕ್ಕಿಂತ ಒಂದೇ ಒಂದು ‘ಪಿ’ ಕಡಿಮೆಯಿದ್ದ ವಿಳಾಸದಿಂದ ಬೇರೊಂದು ಬ್ಯಾಂಕ್ ಖಾತೆಯ ವಿವರ ಕಳಿಸಿದರು. ಹಣ ಆ ಖಾತೆಗೆ ಹೋಯಿತು.

ಇದು ಹೊಸ ವಿದ್ಯೆಯಲ್ಲ. 2015ರಲ್ಲಿ ಒಎನ್‌ಜಿಸಿಗೆ ಸೌದಿ ಅರಾಮ್ಕೊದಿಂದ ಬರಬೇಕಿದ್ದ 197 ಕೋಟಿ ರೂಪಾಯಿ ಹೀಗೆಯೇ ದಾರಿ ತಪ್ಪಿತು. ಅಲ್ಲಿ ವಿಳಾಸದ ಎರಡು ಅಕ್ಷರ ಹಿಂದುಮುಂದಾಗಿದ್ದವು. 2024ರ ಜುಲೈ 19ರಂದು ಸಿಂಗಪುರದ ಒಂದು ಸರಕು ವ್ಯಾಪಾರ ಕಂಪನಿ, ಪೂರೈಕೆದಾರರದೆಂದು ನಂಬಿದ ಮೇಲ್‌ನಂತೆ 4.23 ಕೋಟಿ ಡಾಲರನ್ನು ಪೂರ್ವ ತೈಮೂರಿನ ಖಾತೆಗೆ ಕಳಿಸಿತು. ಮೋಸ ಗೊತ್ತಾದದ್ದು ನಾಲ್ಕು ದಿನ ಕಳೆದು, 23ರಂದು, ಅಸಲಿ ಪೂರೈಕೆದಾರರು “ನಮ್ಮ ಹಣ ಎಲ್ಲಿ?” ಎಂದು ಕೇಳಿದಾಗ. ಇಂಟರ್‌ಪೋಲ್ ಮೂಲಕ ಪೊಲೀಸರು ಕೂಡಲೇ ಕೈಹಾಕಿದ್ದರಿಂದ ಅದರಲ್ಲಿ 3.9 ಕೋಟಿ ಡಾಲರ್ ಆ ಖಾತೆಯಲ್ಲೇ ತಡೆಯಲ್ಪಟ್ಟಿತು. ಅಮೆರಿಕದ ಎಫ್‌ಬಿಐಗೆ 2024 ಒಂದೇ ವರ್ಷದಲ್ಲಿ ಇಂಥ 21,442 ದೂರುಗಳು ಬಂದವು. ನಷ್ಟ 277 ಕೋಟಿ ಡಾಲರ್. ಪರಿಭಾಷೆಯಲ್ಲಿ ಇದಕ್ಕೆ ‘ಬಿಸಿನೆಸ್ ಇಮೇಲ್ ಕಾಂಪ್ರಮೈಸ್’ ಎಂದು ಹೆಸರು.

ಇಂಥ ಪ್ರಕರಣಗಳು ಬಯಲಾಗುವುದು ಹೆಚ್ಚಾಗಿ ಆ್ಯಂಟಿವೈರಸ್‌ನಿಂದಲ್ಲ, ಫೈರ್‌ವಾಲ್‌ನಿಂದಲ್ಲ. ಹಣ ಬರಬೇಕಾದವರು ಫೋನ್ ಮಾಡಿ ಕೇಳಿದಾಗ. ಹಾಗಾಗಿ ಆ ಫೋನ್ ಬಂದ ಕ್ಷಣದಿಂದ ಮುಂದಿನ ಒಂದೆರಡು ಗಂಟೆಯಲ್ಲಿ ಪಾಳಿಯಲ್ಲಿರುವ ಐಟಿ ಸಿಬ್ಬಂದಿ ಏನು ಮಾಡುತ್ತಾರೆ ಎಂಬುದರ ಮೇಲೆ ಹಣದ ಗತಿ ನಿಂತಿದೆ. ಹಣ ಮಾತ್ರವಲ್ಲ. ಮೊದಲ ವಂಚನೆಯ ಗದ್ದಲದಲ್ಲಿ ಯಾರೂ ನೋಡದೆ ಬಿಟ್ಟ ಎರಡನೆಯ ಮತ್ತು ಮೂರನೆಯ ವಂಚನೆ ಆಗಲೇ ಅರ್ಧ ದಾರಿಗೆ ಬಂದಿರುತ್ತದೆ. ನಾನು ಎಚ್ಚರಿಸಬೇಕೆಂದಿರುವುದು ಮುಖ್ಯವಾಗಿ ಅದರ ಬಗ್ಗೆ.

ಶಿವಾಜಿನಗರವನ್ನೇ ತೆಗೆದುಕೊಳ್ಳೋಣ. ಇನ್‌ಫೆಂಟ್ರಿ ರಸ್ತೆಯ ಪೊಲೀಸ್ ಕಮಿಷನರ್ ಕಚೇರಿಯಿಂದ ನಡೆದು ಹೋಗುವಷ್ಟು ದೂರದಲ್ಲಿ ಕಮರ್ಷಿಯಲ್ ಸ್ಟ್ರೀಟ್, ಡಿಸ್ಪೆನ್ಸರಿ ರಸ್ತೆ, ರಸೆಲ್ ಮಾರುಕಟ್ಟೆಯ ಸುತ್ತಿನ ಓಣಿಗಳಿವೆ. ಕೆಳಗೆ ಅಂಗಡಿ, ಮೇಲ್ಮಹಡಿಯಲ್ಲಿ ಆಫೀಸು. ಒಬ್ಬ ಮಾಲೀಕರು, ಒಬ್ಬರೋ ಇಬ್ಬರೋ ಅಕೌಂಟೆಂಟ್, ಟ್ಯಾಲಿ, ಬ್ಯಾಂಕಿನ ನೆಟ್‌ಬ್ಯಾಂಕಿಂಗ್, ಮೇಲ್ ಮತ್ತು ಕಂಪ್ಯೂಟರ್ ನೋಡಿಕೊಳ್ಳಲು ಹೊರಗಿನ ಒಂದು ಸಪೋರ್ಟ್ ಸಂಸ್ಥೆ. ದೊಡ್ಡ ಕಂಪನಿಗಳಲ್ಲಿರುವ ಭದ್ರತಾ ವಿಭಾಗ ಇಲ್ಲಿರುವುದಿಲ್ಲ. ತುರ್ತು ಎಂದರೆ ಸಪೋರ್ಟ್ ಸಂಸ್ಥೆಯಲ್ಲಿ ಆ ದಿನ ಪಾಳಿಯಲ್ಲಿರುವ ಹುಡುಗನ ಮೊಬೈಲಿಗೆ ಒಂದು ಕರೆ, ಅಷ್ಟೆ. ಆ ಹುಡುಗ ಸಾಮಾನ್ಯವಾಗಿ ಮಾಡುವುದು ಒಂದೇ ಕೆಲಸ: ಪಾಸ್‌ವರ್ಡ್ ಬದಲಾಯಿಸಿ, “ಆಯ್ತು ಸರ್, ಈಗ ಸೇಫ್” ಎನ್ನುವುದು. ಅದು ಸೇಫ್ ಅಲ್ಲ. ಯಾಕೆಂಬುದನ್ನು ಒಂದು ಪ್ರಸಂಗ ಇಟ್ಟುಕೊಂಡು ನೋಡೋಣ. ಪ್ರಸಂಗ ಕಲ್ಪಿತ, ಆದರೆ ಅದರ ಒಂದೊಂದು ಹೆಜ್ಜೆಯೂ ಇಂಥ ಪ್ರಕರಣಗಳಲ್ಲಿ ಪದೇ ಪದೇ ಕಾಣುವಂಥದ್ದು.

ಡಿಸ್ಪೆನ್ಸರಿ ರಸ್ತೆಯಲ್ಲಿ ಚರ್ಮದ ಬ್ಯಾಗು, ಬೆಲ್ಟು ಮಾಡಿಸಿ ಹೊರದೇಶಕ್ಕೆ ಕಳಿಸುವ ಒಂದು ಸಂಸ್ಥೆ. ಚರ್ಮ ಬರುವುದು ತಮಿಳುನಾಡಿನ ಆಂಬೂರಿನಿಂದ. ಶನಿವಾರ ಸಂಜೆ 6:40ಕ್ಕೆ ಅಕೌಂಟೆಂಟ್ ಪಾಳಿಯವರಿಗೆ ಫೋನ್ ಮಾಡುತ್ತಾರೆ: “ಆಂಬೂರಿನವರು ದುಡ್ಡು ಬಂದಿಲ್ಲ ಅಂತಿದ್ದಾರೆ. ನಾನು ಮಧ್ಯಾಹ್ನ 3:12ಕ್ಕೇ ಆರ್‌ಟಿಜಿಎಸ್ ಮಾಡಿದೀನಿ, 18.6 ಲಕ್ಷ. ಅವರೇ ಮೇಲ್‌ನಲ್ಲಿ ಹೊಸ ಅಕೌಂಟ್ ಕೊಟ್ಟಿದ್ರಲ್ಲ ಅಂದ್ರೆ, ನಾವು ಕೊಟ್ಟೇ ಇಲ್ಲ ಅಂತಾರೆ.”

ಪಾಳಿಯವರ ಮೊದಲ ಪ್ರಶ್ನೆ ಮೇಲ್ ಬಗ್ಗೆ ಇರಬಾರದು. ಯುಟಿಆರ್ ನಂಬರ್ ಎಷ್ಟು ಎಂದು ಇರಬೇಕು. ಆರ್‌ಟಿಜಿಎಸ್ ಆದರೆ 22 ಅಕ್ಷರ, ನೆಫ್ಟ್ ಆದರೆ 16. ಹಣ ಎಲ್ಲಿ ಹೋಯಿತು ಎಂದು ಹಿಡಿಯಲು ಬ್ಯಾಂಕಿಗಾಗಲಿ ಪೊಲೀಸರಿಗಾಗಲಿ ಮೊದಲು ಬೇಕಾಗುವುದು ಅದು. ಅಕೌಂಟೆಂಟ್ ಒಂದು ಫೋನ್‌ನಿಂದ ತಮ್ಮ ಬ್ಯಾಂಕಿಗೆ, ಮಾಲೀಕರು ಇನ್ನೊಂದು ಫೋನ್‌ನಿಂದ 1930ಕ್ಕೆ, ಇಬ್ಬರೂ ಒಂದೇ ಹೊತ್ತಿಗೆ ಕರೆ ಮಾಡಬೇಕು. ಬ್ಯಾಂಕಿಗೆ ಹೇಳಬೇಕಾದ ಮಾತು ಚಿಕ್ಕದು: “ಈ ಯುಟಿಆರ್‌ನ ಹಣ ವಂಚನೆಯಿಂದ ಹೋಗಿದೆ. ಹಣ ಹೋದ ಬ್ಯಾಂಕಿಗೆ ಈಗಲೇ ತಿಳಿಸಿ, ಆ ಖಾತೆಯಲ್ಲಿ ತಡೆಹಿಡಿಸಿ. ನನಗೆ ದೂರಿನ ನಂಬರ್ ಕೊಡಿ.” ರಿಲೇಶನ್‌ಶಿಪ್ ಮ್ಯಾನೇಜರ್ ಶನಿವಾರ ಸಂಜೆ ಫೋನ್ ಎತ್ತದಿದ್ದರೆ ಕಾಯಬಾರದು; ಬ್ಯಾಂಕಿನ 24 ಗಂಟೆಯ ವಂಚನೆ ದೂರು ಸಂಖ್ಯೆಗೇ ಹೋಗಬೇಕು.

1930 ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರದ ಸಹಾಯವಾಣಿ. 2021ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ಪೊಲೀಸರೂ ಬ್ಯಾಂಕುಗಳೂ ಒಂದೇ ಜಾಲದಲ್ಲಿವೆ. ಕರೆಯ ವಿವರ ದಾಖಲಾದ ಕೂಡಲೇ ಹಣ ಸೇರಿದ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಅಲ್ಲಿ ಉಳಿದಿರುವಷ್ಟು ಹಣವನ್ನು ಬ್ಯಾಂಕು ತಡೆಹಿಡಿಯುತ್ತದೆ. ಬೇರೆ ಖಾತೆಗೆ ದಾಟಿದ್ದರೆ ಸೂಚನೆ ಆ ಬ್ಯಾಂಕಿಗೂ ದಾಟುತ್ತದೆ. ವಂಚಕರು ಬಂದ ಹಣವನ್ನು ಒಂದೇ ಖಾತೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಹತ್ತಾರು ಬಾಡಿಗೆ ಖಾತೆಗಳಿಗೆ ಹರಿದು ಹಂಚುತ್ತಾರೆ. ಸೂಚನೆ ಹಣವನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯಬೇಕು. ಈ ಪ್ರಸಂಗದಲ್ಲಿ ಮೂರೂವರೆ ಗಂಟೆ ಆಗಲೇ ಕಳೆದಿದೆ. ಇನ್ನರ್ಧ ಗಂಟೆ ಮೇಲ್ ಹುಡುಕುತ್ತ ಕೂತರೆ ಹೋಗುವುದು ಆ ಅರ್ಧ ಗಂಟೆಯಲ್ಲಿ ಉಳಿಸಬಹುದಾಗಿದ್ದ ಹಣ. ಕರೆ ಆದಮೇಲೆ ಸಿಗುವ ದೂರಿನ ನಂಬರ್ ಇಟ್ಟುಕೊಂಡು cybercrime.gov.in ನಲ್ಲಿ ಪೂರ್ತಿ ವಿವರ ತುಂಬಬೇಕು. ಶಿವಾಜಿನಗರದವರಾದರೆ ಪೂರ್ವ ವಿಭಾಗದ ಸೈಬರ್ ಪೊಲೀಸ್ ಠಾಣೆಗೆ ಹೋಗಿ ಎಫ್‌ಐಆರ್ ಮಾಡಿಸಬೇಕು. ತಡೆಹಿಡಿದ ದೊಡ್ಡ ಮೊತ್ತ ವಾಪಸ್ ಕೈಗೆ ಬರಲು ಕೊನೆಗೆ ನ್ಯಾಯಾಲಯದ ಆದೇಶ ಬೇಕಾಗುತ್ತದೆ, ಅದಕ್ಕೆ ಎಫ್‌ಐಆರ್ ಆಧಾರ. ಹಣ ವಿದೇಶದ ಖಾತೆಗೆ ಹೋಗಿದ್ದರೆ 1930ರ ಕೈ ಅಲ್ಲಿಗೆ ನೇರವಾಗಿ ಮುಟ್ಟುವುದಿಲ್ಲ. ಆಗ ನಮ್ಮ ಬ್ಯಾಂಕಿನಿಂದ ಸ್ವಿಫ್ಟ್ ಮೂಲಕ ಪಾವತಿ ರದ್ದತಿಯ ಕೋರಿಕೆ ಹೋಗಬೇಕು, ಪೊಲೀಸರ ಮೂಲಕ ಇಂಟರ್‌ಪೋಲ್ ದಾರಿ ಹಿಡಿಯಬೇಕು.

ಅಕೌಂಟೆಂಟ್ ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಕೇಳುತ್ತಾರೆ. ಖಾತೆದಾರರ ಹೆಸರು ಎಂದು ಆಂಬೂರಿನ ಸಂಸ್ಥೆಯ ಹೆಸರನ್ನೇ ಹಾಕಿದ್ದೆ, ಬೇರೆಯವರ ಖಾತೆಗೆ ಹೋಗುವಾಗ ಬ್ಯಾಂಕು ಯಾಕೆ ತಡೆಯಲಿಲ್ಲ? ನಮ್ಮ ವ್ಯವಸ್ಥೆಯಲ್ಲಿ ಹಣ ಜಮೆಯಾಗುವುದು ಖಾತೆ ಸಂಖ್ಯೆಯನ್ನು ನೋಡಿ, ಹೆಸರನ್ನು ನೋಡಿ ಅಲ್ಲ. ಈ ಕೊರತೆ ತುಂಬಲೆಂದೇ ರಿಸರ್ವ್ ಬ್ಯಾಂಕು 2024ರ ಡಿಸೆಂಬರ್ 30ರಂದು ಸುತ್ತೋಲೆ ಹೊರಡಿಸಿ, 2025ರ ಏಪ್ರಿಲ್ 1ರೊಳಗೆ ಆರ್‌ಟಿಜಿಎಸ್ ಮತ್ತು ನೆಫ್ಟ್ ಎರಡಕ್ಕೂ ಹಣ ಪಡೆಯುವವರ ಹೆಸರು ತೋರಿಸುವ ಸೌಲಭ್ಯ ಕೊಡಬೇಕೆಂದು ಬ್ಯಾಂಕುಗಳಿಗೆ ಹೇಳಿತು. ಸೌಲಭ್ಯ ಹೆಸರು ತೋರಿಸುತ್ತದೆ. ಹೊಂದದಿದ್ದರೂ ಮುಂದುವರಿಯುವುದೋ ಬಿಡುವುದೋ ಎಂಬುದು ಕಳಿಸುವವರ ಕೈಯಲ್ಲಿದೆ. “ನಮ್ಮ ಸೋದರ ಸಂಸ್ಥೆಯ ಖಾತೆ” ಎಂದು ಮೇಲ್‌ನಲ್ಲಿ ಮೊದಲೇ ಒಂದು ಸಾಲು ಬರೆದಿದ್ದರೆ ಸಾಕು, ಬೇರೆ ಹೆಸರು ಕಂಡರೂ ಒತ್ತುವವರು ಒತ್ತುತ್ತಾರೆ.

ಕರೆಗಳು ನಡೆಯುತ್ತಿರುವಾಗಲೇ ಪಾಳಿಯವರು ಮಾಡಬೇಕಾದ ಇನ್ನೊಂದು ಕೆಲಸ ಪಾವತಿ ತಡೆ. ಹೋದ ಹಣಕ್ಕಲ್ಲ, ಇನ್ನೂ ಹೋಗದ ಹಣಕ್ಕೆ. ನೆಟ್‌ಬ್ಯಾಂಕಿಂಗ್‌ನಲ್ಲಿ ಸೋಮವಾರ ಬೆಳಿಗ್ಗೆಗೆ ನಿಗದಿ ಮಾಡಿಟ್ಟ ಪಾವತಿಗಳಿವೆಯೇ, ಮೇಕರ್ ಹಾಕಿ ಚೆಕರ್ ಒಪ್ಪಿಗೆಗೆ ಕಾದಿರುವುದು ಯಾವುದು, ಬಲ್ಕ್ ಫೈಲ್ ಏನಾದರೂ ಅಪ್‌ಲೋಡ್ ಆಗಿದೆಯೇ? ಆರ್‌ಟಿಜಿಎಸ್ 2020ರ ಡಿಸೆಂಬರಿನಿಂದ, ನೆಫ್ಟ್ ಅದಕ್ಕೂ ಒಂದು ವರ್ಷ ಮೊದಲಿನಿಂದ ವರ್ಷದ ಎಲ್ಲ ದಿನ, ಎಲ್ಲ ಗಂಟೆ ನಡೆಯುತ್ತಿವೆ. ಭಾನುವಾರ ಬ್ಯಾಂಕು ಮುಚ್ಚಿರುತ್ತದೆ, ಸೋಮವಾರದವರೆಗೆ ಏನೂ ಆಗದು ಎಂಬ ಹಳೆಯ ಧೈರ್ಯಕ್ಕೆ ಈಗ ಆಧಾರವಿಲ್ಲ. ಆರ್‌ಟಿಜಿಎಸ್ ಪಾವತಿ ಒಮ್ಮೆ ಇತ್ಯರ್ಥವಾದರೆ ಅದೇ ಅಂತಿಮ, ಹಿಂದಕ್ಕೆ ಎಳೆಯಲು ಬರುವುದಿಲ್ಲ.

ತಡೆ ಎಂದರೆ ಎಲ್ಲ ಪಾವತಿಯನ್ನೂ ನಿಲ್ಲಿಸುವುದಲ್ಲ. ಹಾಗೆ ಮಾಡಿದರೆ ಸಂಬಳ, ಜಿಎಸ್‌ಟಿ, ಸಾಲದ ಕಂತು ಎಲ್ಲ ನಿಂತು, ಮಾಲೀಕರು ಮರುದಿನವೇ ಬೇಸತ್ತು ತಡೆಯನ್ನೇ ತೆಗೆಸುತ್ತಾರೆ. ನಿಲ್ಲಿಸಬೇಕಾದ್ದು ಮೂರು ಬಗೆಯದು: ಕಳೆದ ಮೂರು ತಿಂಗಳಲ್ಲಿ ಬ್ಯಾಂಕ್ ವಿವರ ಬದಲಾದ ಎಲ್ಲರ ಪಾವತಿ, ಮೊದಲ ಸಲ ಹಣ ಹೋಗುತ್ತಿರುವ ಹೊಸ ಖಾತೆ, ಮತ್ತು ಅನುಮಾನದಲ್ಲಿರುವ ಮೇಲ್‌ಬಾಕ್ಸಿನ ಮೂಲಕವೇ ಬಂದ ಬಿಲ್ಲು. ಈ ತಡೆ ಹಾಕಲು ಪಾಳಿಯವರಿಗೆ ಯಾರ ಅಪ್ಪಣೆಯೂ ಬೇಕಾಗಬಾರದು, ಅದನ್ನು ಮಾಲೀಕರು ಮೊದಲೇ ಲಿಖಿತವಾಗಿ ಕೊಟ್ಟಿರಬೇಕು. ತೆಗೆಯಲು ಮಾತ್ರ ಇಬ್ಬರ ಸಹಿ ಬೇಕು. ತೆಗೆಯುವ ಮೊದಲು ಹಣ ಪಡೆಯುವವರಿಗೆ ಫೋನ್ ಮಾಡಿ ಖಾತೆ ಸಂಖ್ಯೆಯನ್ನು ಅವರ ಬಾಯಿಂದಲೇ ಹೇಳಿಸಬೇಕು, ನಾವು ಓದಿ “ಸರೀನಾ?” ಎಂದು ಕೇಳುವುದಲ್ಲ. ಫೋನ್ ನಂಬರನ್ನು ಹಳೆಯ ಬಿಲ್ಲಿನಿಂದಲೋ ಒಪ್ಪಂದದ ಕಾಗದದಿಂದಲೋ ತೆಗೆಯಬೇಕು, ಮೇಲ್‌ನ ಕೆಳಗಿರುವ ಸಹಿಯಿಂದ ಯಾವ ಕಾರಣಕ್ಕೂ ಅಲ್ಲ. ವಂಚಕರು ಆ ಸಹಿಯಲ್ಲಿ ತಮ್ಮದೇ ನಂಬರ್ ಹಾಕಿರುತ್ತಾರೆ, ಕರೆ ಮಾಡಿದರೆ ವಿನಯದಿಂದ ಮಾತಾಡಿ ಖಾತ್ರಿಯನ್ನೂ ಕೊಡುತ್ತಾರೆ.

ಇಷ್ಟಾದ ಮೇಲೆ ಮೇಲ್‌ಬಾಕ್ಸು. ಆ ಮೋಸದ ಮೇಲ್‌ನ ಹೆಡರ್ ತೆಗೆದು ನೋಡಿದರೆ ಹೀಗಿದೆ. ಹೆಸರುಗಳು ಉದಾಹರಣೆಗೆ ಕಟ್ಟಿದವು.

```
From: Accounts <accounts@charnundi-hides.example>
Reply-To: accounts@charnundi-hides.example
Authentication-Results: spf=pass dkim=pass dmarc=pass
```

ಅಸಲಿ ವಿಳಾಸದಲ್ಲಿರುವುದು `chamundi`. ಇಲ್ಲಿ `m` ಜಾಗದಲ್ಲಿ `r` ಮತ್ತು `n` ಒತ್ತೊತ್ತಾಗಿ ಕೂತಿವೆ. ಫೋನಿನ ಪರದೆಯಲ್ಲಿ ಎರಡಕ್ಕೂ ವ್ಯತ್ಯಾಸ ಕಾಣದು. ಅದಕ್ಕಿಂತ ಮುಖ್ಯವಾದ ಸಾಲು ಕೊನೆಯದು. ಮೂರೂ ಪರೀಕ್ಷೆ ಪಾಸ್. ಇದನ್ನು ನೋಡಿ “ಮೇಲ್ ಅಸಲಿ” ಎಂದು ತೀರ್ಪು ಕೊಟ್ಟ ಪಾಳಿಯವರಿದ್ದಾರೆ. ಆ ಪರೀಕ್ಷೆಗಳು ಹೇಳುವುದು ಇಷ್ಟೇ: ಈ ಮೇಲ್ ನಿಜವಾಗಿಯೂ ಆ ಡೊಮೇನ್‌ನಿಂದಲೇ ಬಂದಿದೆ. ಡೊಮೇನನ್ನು ಕಳ್ಳನೇ ಕೊಂಡು, ಅದಕ್ಕೆ ಎಲ್ಲ ದಾಖಲೆಯನ್ನೂ ಸರಿಯಾಗಿ ಮಾಡಿಸಿದ್ದರೆ ಪಾಸ್ ಆಗಲೇಬೇಕು.

ಈಗ ಬಿಡಿಸಬೇಕಾದ ಗಂಟು ಯಾರ ಮೇಲ್‌ಬಾಕ್ಸ್ ತೆರೆದುಹೋಗಿದೆ ಎಂಬುದು. ಬಿಲ್ಲಿನ ನಂಬರ್, ಮೊತ್ತ, ಕೊಡಬೇಕಾದ ದಿನ ಕಳ್ಳನಿಗೆ ಗೊತ್ತಿತ್ತು ಎಂದರೆ ಯಾರದೋ ಪೆಟ್ಟಿಗೆಯನ್ನು ಅವನು ಓದಿದ್ದಾನೆ. ಆಂಬೂರಿನದೋ, ಡಿಸ್ಪೆನ್ಸರಿ ರಸ್ತೆಯದೋ? ಇದಕ್ಕೆ ಒಂದು ಸರಳ ಪರೀಕ್ಷೆಯಿದೆ, ಅದಕ್ಕೆ ಯಾವ ಸಾಫ್ಟ್‌ವೇರೂ ಬೇಡ. ಮೋಸದ ಮೇಲ್‌ನ ಕೆಳಗೆ ಹಳೆಯ ಮಾತುಕತೆ ಅಂಟಿಕೊಂಡಿರುತ್ತದೆ. ಅದನ್ನು ಕೊನೆಯವರೆಗೆ ಓದಬೇಕು. ಎರಡೂ ಕಡೆಯವರಿಗೆ ಹೋಗಿದ್ದ ಮೇಲ್‌ಗಳಷ್ಟೇ ಇದ್ದರೆ ಏನೂ ತೀರ್ಮಾನವಾಗದು. ಮಾಲೀಕರು ಅಕೌಂಟೆಂಟ್‌ಗೆ ಮಾತ್ರ ಬರೆದಿದ್ದ, “ಇವರಿಗೆ ಶನಿವಾರ ಕೊಟ್ಟುಬಿಡಿ” ಎಂಬಂಥ ಒಂದು ಒಳಗಿನ ಸಾಲು ಅಲ್ಲಿ ಕಂಡರೆ, ತೆರೆದಿರುವುದು ನಮ್ಮ ಮನೆಯ ಬಾಗಿಲೇ. ನಮ್ಮ ಪ್ರಸಂಗದಲ್ಲಿ ಆ ಸಾಲು ಇದೆ.

ಸಂಸ್ಥೆ ಬಳಸುವುದು ಮೈಕ್ರೊಸಾಫ್ಟ್ 365. ಪಾಳಿಯವರು ಮೊದಲು ನೋಡಬೇಕಾದ್ದು ಮೇಲ್‌ಬಾಕ್ಸಿನ ನಿಯಮಗಳನ್ನು.

```
Get-InboxRule -Mailbox accounts@ourfirm.example -IncludeHidden |
  Format-List Name,Enabled,Description
Get-Mailbox accounts@ourfirm.example |
  Format-List ForwardingAddress,ForwardingSmtpAddress
```

ಮೊದಲ ಆದೇಶದ `-IncludeHidden` ಬಿಡಬಾರದು. ಔಟ್‌ಲುಕ್ ಪರದೆಯಲ್ಲಿ ಕಾಣದಂತೆ ನಿಯಮವನ್ನು ಅಡಗಿಸುವ ದಾರಿಗಳಿವೆ. ಅದಿಲ್ಲದೆ ಹುಡುಕಿದರೆ ಪಟ್ಟಿ ಖಾಲಿ ಬಂದು ನೆಮ್ಮದಿಯ ಸುಳ್ಳು ಹೇಳುತ್ತದೆ. ಎರಡನೆಯ ಆದೇಶ ಬೇರೆಯದೇ ಜಾಗವನ್ನು ನೋಡುತ್ತದೆ, ಪೂರ್ತಿ ಮೇಲ್‌ಬಾಕ್ಸಿಗೆ ಹಾಕಿದ ಫಾರ್ವರ್ಡಿಂಗನ್ನು. ಒಂದನ್ನು ನೋಡಿ ಇನ್ನೊಂದನ್ನು ಬಿಟ್ಟವರು ಬಹಳ.

ಇಲ್ಲಿ ಸಿಕ್ಕಿದ ನಿಯಮದ ಹೆಸರು ಒಂದೇ ಒಂದು ಚುಕ್ಕಿ. ಕಣ್ಣಿಗೆ ಬೀಳಬಾರದೆಂದು ಹೀಗೆ ಇಡುವುದು ಇವರ ರೂಢಿ. ಅದು ಮೇಲ್‌ಗಳನ್ನು ಹೊರಗೆ ಕಳಿಸುತ್ತಿಲ್ಲ. ಆಂಬೂರಿನವರ ಅಸಲಿ ಡೊಮೇನ್‌ನಿಂದ ಬಂದ ಮೇಲ್‌ಗಳನ್ನು ಓದಲಾಗಿದೆ ಎಂದು ಗುರುತು ಮಾಡಿ, ಯಾರೂ ತೆರೆಯದ `RSS Feeds` ಫೋಲ್ಡರಿಗೆ ಸರಿಸುತ್ತದೆ. ಅಸಲಿಯವರು “ನಮ್ಮ ಬಿಲ್ಲು ಬಾಕಿಯಿದೆ” ಎಂದು ಕಳಿಸಿದ ಎರಡು ಮೇಲ್ ಅಕೌಂಟೆಂಟ್ ಕಣ್ಣಿಗೆ ಬೀಳದೆ ಅಲ್ಲೇ ಕೂತಿವೆ. ಹೊರಗೆ ಫಾರ್ವರ್ಡ್ ಆಗುವುದನ್ನು ಮೈಕ್ರೊಸಾಫ್ಟ್ ಈಗ ತಾನಾಗಿಯೇ ತಡೆಯುತ್ತದೆ. ಪೆಟ್ಟಿಗೆಯ ಒಳಗೇ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸರಿಸುವುದಕ್ಕೆ ಯಾವ ತಡೆಯೂ ಇಲ್ಲ. ಫಾರ್ವರ್ಡಿಂಗ್ ಆಫ್ ಮಾಡಿದ್ದೇವೆ ಎಂದು ನಿಶ್ಚಿಂತರಾಗಿರುವ ಸಂಸ್ಥೆಗಳು ಇದನ್ನು ಗಮನಿಸಬೇಕು.

ನಿಯಮ ಕಂಡ ತಕ್ಷಣ ಅಳಿಸಲು ಕೈ ಹೋಗುತ್ತದೆ. ಅಳಿಸಬಾರದು. ಮೊದಲು ಅದನ್ನು ಫೈಲಿಗೆ ಇಳಿಸಿ, ಪರದೆಯ ಚಿತ್ರ ತೆಗೆದು, ಸಮಯ ಬರೆದಿಡಬೇಕು. ಇದು ಪೊಲೀಸರಿಗೆ ಸಾಕ್ಷ್ಯ ಎಂಬುದಕ್ಕಷ್ಟೇ ಅಲ್ಲ. ಕಳ್ಳನ ಮುಂದಿನ ಗುರಿ ಯಾರು ಎಂಬುದು ನಿಯಮದ ಷರತ್ತಿನಲ್ಲೇ ಬರೆದಿರುತ್ತದೆ. ಚುಕ್ಕಿ ಹೆಸರಿನ ಆ ನಿಯಮದಲ್ಲಿ ಆಂಬೂರಿನ ಡೊಮೇನ್ ಜತೆಗೆ ಇನ್ನೂ ಎರಡಿವೆ. ಒಂದು ಕಾನ್ಪುರದ ಪೂರೈಕೆದಾರರದು; ಅವರಿಗೆ ಸೋಮವಾರ 10:30ಕ್ಕೆ 7.2 ಲಕ್ಷ ಹೋಗಲು ನಿಗದಿಯಾಗಿದೆ, ಖಾತೆ ಬದಲಾದದ್ದು ಮೊನ್ನೆ. ಇನ್ನೊಂದು ಜರ್ಮನಿಯ ಗಿರಾಕಿಯದು, ಅವರಿಂದ ಇವರಿಗೇ ಹಣ ಬರಬೇಕು. ಅಂದರೆ ಇವರ ಹೆಸರಿನಲ್ಲಿ, ಇವರದೇ ಪೆಟ್ಟಿಗೆಯಿಂದ, “ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ” ಎಂಬ ಮೇಲ್ ಜರ್ಮನಿಗೆ ಹೋಗಿರಬಹುದು. ಕಳಿಸಿದ ಮೇಲ್‌ಗಳ ಫೋಲ್ಡರಿನಲ್ಲಿ ಅದು ಸಿಗದು, ಕಳಿಸಿದವನು ಅಳಿಸಿರುತ್ತಾನೆ. ಮೆಸೇಜ್ ಟ್ರೇಸ್‌ನಲ್ಲಿ ಸಿಗುತ್ತದೆ. ಪಾಸ್‌ವರ್ಡ್ ಬದಲಾಯಿಸಿ ಮನೆಗೆ ಹೋಗಿದ್ದರೆ ಕಾನ್ಪುರದ 7.2 ಲಕ್ಷ ಸೋಮವಾರ ಹೋಗಿಯೇ ಹೋಗುತ್ತಿತ್ತು. ಜರ್ಮನಿಯ ಹಣ ಹೋಗಿದೆಯೆಂದು ತಿಂಗಳ ಕೊನೆಯಲ್ಲಿ ತಿಳಿಯುತ್ತಿತ್ತು. ಮೊದಲ ವಂಚನೆಗಿಂತ ನಾನು ಹೆಚ್ಚು ಹೆದರುವುದು ಇದಕ್ಕೆ.

ಸಾಕ್ಷ್ಯ ಇಳಿಸಿಕೊಂಡ ಮೇಲೆ ಕಳ್ಳನನ್ನು ಹೊರಹಾಕುವ ಕೆಲಸ. ಅದಕ್ಕೂ ಒಂದು ಕ್ರಮವಿದೆ. ಖಾತೆಯ ಲಾಗಿನ್ ನಿಲ್ಲಿಸಿ, ಪಾಸ್‌ವರ್ಡ್ ಬದಲಾಯಿಸಿ, ತೆರೆದಿರುವ ಎಲ್ಲ ಸೆಶನ್‌ಗಳನ್ನೂ ರದ್ದು ಮಾಡಬೇಕು:

```
Revoke-MgUserSignInSession -UserId accounts@ourfirm.example
```

ಸೆಶನ್ ರದ್ದು ಮಾಡದೆ ಪಾಸ್‌ವರ್ಡ್ ಒಂದನ್ನೇ ನಂಬುವಂತಿಲ್ಲ. ಈಗಿನ ಕಳ್ಳರು ಪಾಸ್‌ವರ್ಡಿನ ಜತೆ, ಒಟಿಪಿ ಕೊಟ್ಟ ಮೇಲೆ ಬ್ರೌಸರಿಗೆ ಸಿಗುವ ಸೆಶನ್ ಕುಕಿಯನ್ನೂ ಕದಿಯುತ್ತಾರೆ. ನಕಲಿ ಲಾಗಿನ್ ಪುಟ ಬಳಕೆದಾರರಿಗೂ ಅಸಲಿ ಸರ್ವರಿಗೂ ನಡುವೆ ಕೂತು, ಎರಡೂ ಕಡೆಯ ಮಾತನ್ನು ದಾಟಿಸುತ್ತ ಅದನ್ನು ಎತ್ತಿಕೊಳ್ಳುತ್ತದೆ. ಮೈಕ್ರೊಸಾಫ್ಟ್ 2022ರ ಜುಲೈನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಹಿಂದಿನ ಸೆಪ್ಟೆಂಬರಿನಿಂದ ಹತ್ತು ಸಾವಿರಕ್ಕೂ ಹೆಚ್ಚು ಸಂಸ್ಥೆಗಳ ಮೇಲೆ ಈ ಬಗೆಯ ಒಂದೇ ದಾಳಿ ನಡೆದಿತ್ತು. ಕುಕಿ ಕದ್ದ ಐದೇ ನಿಮಿಷದಲ್ಲಿ ಪಾವತಿ ವಂಚನೆಗೆ ಇಳಿದ ನಿದರ್ಶನ ಅದರಲ್ಲಿದೆ. ಗುರಿಯಾದ ಸಂಸ್ಥೆಯಿಂದ ಬರುವ ಮೇಲ್‌ಗಳನ್ನು ಓದಲಾಗಿದೆ ಎಂದು ಗುರುತು ಮಾಡಿ `Archive` ಫೋಲ್ಡರಿಗೆ ತಳ್ಳುವ ನಿಯಮವೂ ಅಲ್ಲಿ ಸಿಕ್ಕಿತ್ತು. ಒಟಿಪಿ ಇದೆ, ಹೀಗಾಗಿ ಚಿಂತೆಯಿಲ್ಲ ಎಂಬ ಮಾತು ಅಂದಿನಿಂದ ನಿಲ್ಲುವುದಿಲ್ಲ.

ಸೆಶನ್ ರದ್ದಾದರೂ ಆಗಲೇ ಕೊಟ್ಟಿರುವ ಪ್ರವೇಶ ಟೋಕನ್ ಒಂದು ಗಂಟೆಯಷ್ಟು ಹೊತ್ತು ಕೆಲಸ ಮಾಡಬಹುದು. ಹಾಗಾಗಿ ಆ ಗಂಟೆಯಲ್ಲಿ ಈ ವಿಷಯವನ್ನು ಅದೇ ಮೇಲ್‌ನಲ್ಲಿ ಚರ್ಚಿಸಬಾರದು. ಕಳ್ಳ ಓದುತ್ತಿರುತ್ತಾನೆ. ಎಲ್ಲ ಮಾತೂ ಫೋನ್‌ನಲ್ಲಿ ಆಗಬೇಕು. ಆಮೇಲೆ ಆ ಖಾತೆಗೆ ಸೇರಿಸಿರುವ ದೃಢೀಕರಣದ ಫೋನ್‌ಗಳನ್ನು ಒಂದೊಂದಾಗಿ ನೋಡಬೇಕು. ಕಳ್ಳ ತನ್ನ ಫೋನನ್ನೂ ಸೇರಿಸಿಕೊಂಡಿದ್ದರೆ ಹೊಸ ಪಾಸ್‌ವರ್ಡಿಗೂ ಅವನೇ ಒಪ್ಪಿಗೆ ಕೊಟ್ಟು ಒಳಗೆ ಬರುತ್ತಾನೆ. ಮೇಲ್ ಓದಲು ಅನುಮತಿ ಪಡೆದ ಹೊರಗಿನ ಆ್ಯಪ್‌ಗಳಿದ್ದರೆ ಅವನ್ನೂ ತೆಗೆಯಬೇಕು, ಪಾಸ್‌ವರ್ಡ್ ಬದಲಾದ ಮಾತ್ರಕ್ಕೆ ಅವು ಹೋಗುವುದಿಲ್ಲ. ನಿಯಮವನ್ನು ಅಳಿಸುವುದು ಕೊನೆಯಲ್ಲಿ, ಮರೆಯದೆ. ಪಾಸ್‌ವರ್ಡ್ ಬದಲಾದರೂ ನಿಯಮ ಸರ್ವರಿನಲ್ಲಿ ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇರುತ್ತದೆ. ಮನೆಗೆ ಹೊಸ ಬೀಗ ಹಾಕಿಸಿ, ಕಾಗದಗಳನ್ನೆಲ್ಲ ಹಿತ್ತಿಲಲ್ಲಿ ಹಾಕು ಎಂದು ಅಂಚೆಯಣ್ಣನಿಗೆ ಕಳ್ಳ ಹೇಳಿಟ್ಟ ಮಾತನ್ನು ಹಾಗೇ ಬಿಟ್ಟಂತೆ.

ನಿಯಮ ಹುಟ್ಟಿದ್ದು ಯಾವಾಗ ಎಂಬುದನ್ನೂ ಹಿಡಿಯಬೇಕು, ಏಕೆಂದರೆ ಅಂದಿನಿಂದ ಇಂದಿನವರೆಗಿನ ಎಲ್ಲ ಪಾವತಿಗಳನ್ನೂ ಮರುಪರಿಶೀಲಿಸಬೇಕು. ಆಡಿಟ್ ಲಾಗ್‌ನಲ್ಲಿ `New-InboxRule` ಎಂದು ಹುಡುಕುವವರು `UpdateInboxRules` ಎಂದೂ ಹುಡುಕಬೇಕು. ಬ್ರೌಸರಿನಲ್ಲಿ ಮಾಡಿದ ನಿಯಮ ಮೊದಲ ಹೆಸರಿನಲ್ಲಿ, ಔಟ್‌ಲುಕ್ ತಂತ್ರಾಂಶದಿಂದ ಮಾಡಿದ್ದು ಎರಡನೆಯ ಹೆಸರಿನಲ್ಲಿ ದಾಖಲಾಗುತ್ತದೆ. ಈ ಪ್ರಸಂಗದಲ್ಲಿ ಒಂಬತ್ತು ದಿನ ಹಿಂದೆ, ಲಾಗ್ ತೋರಿಸಿದ ಸಮಯ 18:18. ಅಕೌಂಟೆಂಟ್ ಅಂದು ಸಂಜೆ ಆಫೀಸಿನಲ್ಲೇ ಇದ್ದರು, ಅನುಮಾನ ಅವರ ಮೇಲೆಯೇ ತಿರುಗಬಹುದಿತ್ತು. ಆದರೆ ಆ ಲಾಗ್ ಇರುವುದು ಯುಟಿಸಿ ಗಡಿಯಾರದಲ್ಲಿ. ಐದೂವರೆ ಗಂಟೆ ಕೂಡಿಸಿದರೆ ನಮ್ಮ ರಾತ್ರಿ 11:48. ಆ ಹೊತ್ತಿಗೆ ಆಫೀಸಿಗೆ ಬೀಗ ಬಿದ್ದು ಬಹಳ ಹೊತ್ತಾಗಿತ್ತು. ಈ ಲೆಕ್ಕ ತಪ್ಪಿದರೆ ನಿರಪರಾಧಿಯೊಬ್ಬರು ಕೆಲಸ ಕಳೆದುಕೊಳ್ಳುತ್ತಾರೆ, ಪಾಳಿಯವರು ಇಲ್ಲಿ ಅವಸರ ಪಡಬಾರದು. ಇನ್ನೊಂದು ತೊಡಕೂ ಇದೆ. ಉಚಿತ ಪರವಾನಗಿಯಲ್ಲಿ ಲಾಗಿನ್ ದಾಖಲೆ ಉಳಿಯುವುದು ಏಳೇ ದಿನ, ಒಂಬತ್ತು ದಿನದ ಹಿಂದಿನದು ಆಗಲೇ ಹೋಗಿರುತ್ತದೆ. ಆಡಿಟ್ ಲಾಗ್ ಮಾತ್ರ 180 ದಿನ ಇರುತ್ತದೆ, ಲಾಗಿನ್ ಆದ ಐಪಿ ವಿಳಾಸವನ್ನು ಅಲ್ಲಿಂದ ತೆಗೆಯಬಹುದು. ಕೇಂದ್ರದ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಲಾಗ್‌ಗಳನ್ನು 180 ದಿನ ಇಡಬೇಕೆಂದೂ, ಇಂಥ ಘಟನೆ ಗೊತ್ತಾದ ಆರು ಗಂಟೆಯೊಳಗೆ ತನಗೆ ವರದಿ ಮಾಡಬೇಕೆಂದೂ ಹೇಳಿದೆ. 6:40ಕ್ಕೆ ಗೊತ್ತಾಗಿದೆ, ಹಾಗಾದರೆ ರಾತ್ರಿ 12:40ರೊಳಗೆ incident@cert-in.org.in ವಿಳಾಸಕ್ಕೆ ಮಾಹಿತಿ ಹೋಗಿರಬೇಕು.

ಶಿವಾಜಿನಗರದಲ್ಲಿ ಎಲ್ಲರೂ ಮೈಕ್ರೊಸಾಫ್ಟ್ ಬಳಸುವುದಿಲ್ಲ. ಗೂಗಲ್‌ನ ಮೇಲ್ ಆದರೆ ಫಿಲ್ಟರ್‌ಗಳು, ಫಾರ್ವರ್ಡಿಂಗ್ ವಿಳಾಸ, ಡೆಲಿಗೇಟ್ ಆಗಿ ಸೇರಿಸಿದವರು ಮತ್ತು ಆ್ಯಪ್ ಪಾಸ್‌ವರ್ಡ್‌ಗಳನ್ನು ನೋಡಬೇಕು. ನನಗೆ ಹೆಚ್ಚು ಚಿಂತೆ ವೆಬ್‌ಸೈಟಿನ ಜತೆಗೇ ಅಗ್ಗಕ್ಕೆ ಬರುವ ಸಿಪ್ಯಾನೆಲ್ ಮೇಲ್‌ನದು. ಅಲ್ಲಿ `Forwarders`, `Email Filters`, `Global Email Filters` ಮೂರು ಬೇರೆ ಬೇರೆ ಜಾಗದಲ್ಲಿವೆ. ನಿಯಮ ಯಾವಾಗ ಹುಟ್ಟಿತೆಂದು ಹೇಳುವ ಲಾಗ್ ಬಳಕೆದಾರರ ಕೈಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಹೋಸ್ಟಿಂಗ್ ಕಂಪನಿಗೆ ಅಂದೇ ಬರೆದು, ಲಾಗ್ ಅಳಿಸದೆ ಇಡಿ ಎಂದು ಕೇಳಬೇಕು. ಅಲ್ಲಿ ನಿಯಮ ಹುಟ್ಟಿದ ದಿನ ತಿಳಿಯದಿದ್ದರೆ ಮೂರು ತಿಂಗಳ ಎಲ್ಲ ಖಾತೆ ಬದಲಾವಣೆಯನ್ನೂ ಅನುಮಾನದಲ್ಲಿ ನೋಡುವುದೇ ದಾರಿ.

ಆ ಶನಿವಾರ ರಾತ್ರಿ ಮುಗಿಯುವ ಮುನ್ನ ಉಳಿದದ್ದು ಎರಡು ಕರೆ. ಕಾನ್ಪುರಕ್ಕೆ ಒಂದು, ಜರ್ಮನಿಗೆ ಒಂದು, ಎರಡೂ ಹಳೆಯ ಕಾಗದದಲ್ಲಿರುವ ನಂಬರಿಗೆ. ಜರ್ಮನಿಯವರಿಗೆ ಹೇಳಲು ಸಂಕೋಚವಾಗುತ್ತದೆ, ವ್ಯಾಪಾರದ ಮರ್ಯಾದೆಯ ಪ್ರಶ್ನೆ ಎಂದು ಮಾಲೀಕರು ತಡೆಯುವುದೂ ಉಂಟು. “ಸೋಮವಾರ ನಾನೇ ಮೇಲ್ ಹಾಕ್ತೀನಿ ಬಿಡಪ್ಪ” ಎನ್ನುತ್ತಾರೆ. ಆದರೆ ಆ ಮೇಲ್‌ಬಾಕ್ಸಿನಿಂದ ಬರುವ ಯಾವ ಮಾತನ್ನೂ ಆ ಗಿರಾಕಿ ಈಗ ನಂಬುವಂತಿಲ್ಲ. ಸೋಮವಾರದ ಹೊತ್ತಿಗೆ ಅವರು ಹಣ ಕಳಿಸಿಯೂ ಇರಬಹುದು.

ಮೇಲ್ ನೋಡಿಕೊಳ್ಳುವವರಲ್ಲಿ, ಲೆಕ್ಕ ಬರೆಯುವವರಲ್ಲಿ, ಆಫೀಸು ನಡೆಸುವವರಲ್ಲಿ ನನ್ನದೊಂದು ವಿನಂತಿ. ಇವತ್ತೇ ನಿಮ್ಮ ಬ್ಯಾಂಕಿಗೆ ಫೋನ್ ಮಾಡಿ, ಭಾನುವಾರ ರಾತ್ರಿ ವಂಚನೆಯಾದರೆ ಯಾವ ನಂಬರಿಗೆ ಕರೆಯಬೇಕೆಂದು ಕೇಳಿ. ಆ ನಂಬರನ್ನು, ಅದರ ಕೆಳಗೆ 1930ನ್ನು, ಅದರ ಕೆಳಗೆ ಪಾವತಿ ತಡೆಯನ್ನು ತೆಗೆಯಲು ಅಧಿಕಾರವಿರುವ ಇಬ್ಬರ ಹೆಸರನ್ನು ಕಾಗದದ ಮೇಲೆ ಬರೆದು ಅಕೌಂಟೆಂಟ್ ಮೇಜಿನ ಎದುರಿನ ಗೋಡೆಗೆ ಅಂಟಿಸಿ. ಪಾಳಿಯವರ ಫೋನಿನಲ್ಲೂ ಅದರ ಒಂದು ಫೋಟೋ ಇರಲಿ.